1010 ಹುಡುಕುವ ಓವರ್‌ಲ್ಯಾಪಿಂಗ್ ಡಿಟೆಕ್ಟರ್: ಮೀಲಿಯೋ, ಮೂರೋ, ಶಿಫ್ಟ್ ರಿಜಿಸ್ಟರೋ?

ಒಂದು ತಂತಿಯಲ್ಲಿ ಕ್ಲಾಕಿಗೆ ಒಂದರಂತೆ ಬಿಟ್‌ಗಳು ಬರುತ್ತಿವೆ. ಕೊನೆಯ ನಾಲ್ಕು ಬಿಟ್ 1010 ಆದಾಗಲೆಲ್ಲ ಎಲ್‌ಇಡಿ ಹತ್ತಬೇಕು. ಒಂದು ಸಲ ಸಿಕ್ಕ 1010ರ ಬಾಲದ ಬಿಟ್‌ಗಳನ್ನೇ ಮುಂದಿನ 1010ರ ತಲೆಯಾಗಿ ಬಳಸಲು ಅವಕಾಶವಿರಬೇಕು. ಓವರ್‌ಲ್ಯಾಪಿಂಗ್ ಅಂದರೆ ಇಷ್ಟೇ. 101010 ಬಂದರೆ ಓವರ್‌ಲ್ಯಾಪಿಂಗ್ ಡಿಟೆಕ್ಟರ್ ಎರಡು ಸಲ ಹೂಂ ಅನ್ನುತ್ತದೆ, ನಾಲ್ಕನೆಯ ಬಿಟ್‌ಗೊಮ್ಮೆ, ಆರನೆಯದಕ್ಕೊಮ್ಮೆ. ಓವರ್‌ಲ್ಯಾಪ್ ಇಲ್ಲದ ಡಿಟೆಕ್ಟರ್ ಒಂದೇ ಸಲ ಅಂದು, ಉಳಿದ 10 ಹಿಡಿದುಕೊಂಡು ಕಾಯುತ್ತದೆ.

ದಾವಣಗೆರೆಯ ಕಾಲೇಜುಗಳಲ್ಲಿ ಡಿಜಿಟಲ್ ಲ್ಯಾಬ್ ಮಾಡುವ ಹುಡುಗರು, ಹುಡುಗಿಯರು ಸಂಜೆ ವಿದ್ಯಾನಗರದ ರೂಮುಗಳಲ್ಲಿ ಕೂತು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಮೀಲಿ ಮಾಡೋಣವೋ, ಮೂರ್ ಮಾಡೋಣವೋ? ಮೀಲಿ ಬಗೆಯಲ್ಲಿ ಔಟ್‌ಪುಟ್ ಈಗಿನ ಸ್ಟೇಟ್ ಮತ್ತು ಈಗಿನ ಇನ್‌ಪುಟ್ ಎರಡರಿಂದಲೂ ಆಗುತ್ತದೆ, ಮೂರ್ ಬಗೆಯಲ್ಲಿ ಸ್ಟೇಟಿನಿಂದ ಮಾತ್ರ. ಎಲ್ಲರೂ ಕಲಿತಿರುವ ಉತ್ತರ ಮೀಲಿಯಲ್ಲಿ ಒಂದು ಸ್ಟೇಟ್ ಕಡಿಮೆ, ಆದ್ದರಿಂದ ಮೀಲಿ. ನನಗೆ ಈ ಉತ್ತರ ಸಾಲದು ಅನ್ನಿಸುತ್ತದೆ. ಸ್ಟೇಟ್ ಎಷ್ಟು ಅನ್ನುವುದಕ್ಕಿಂತ ಔಟ್‌ಪುಟ್ಟನ್ನು ಯಾರು, ಯಾವಾಗ ನೋಡುತ್ತಾರೆ ಅನ್ನುವುದರ ಮೇಲೆ ಆಯ್ಕೆ ನಿಲ್ಲಬೇಕು. 1010 ಅನ್ನೇ ಹಿಡಿದು, ಸ್ಟೇಟ್ ಡಯಾಗ್ರಾಂನಿಂದ ಬ್ರೆಡ್‌ಬೋರ್ಡಿನವರೆಗೆ ಹೋಗಿ ಇದನ್ನು ನೋಡೋಣ.

ಡಯಾಗ್ರಾಂ: ಹಿಂದಕ್ಕೆ ಹೋಗುವ ಬಾಣಗಳು

ಸ್ಟೇಟ್‌ಗೆ ಹೆಸರಿಡುವಾಗಲೇ ಅರ್ಥ ಇಟ್ಟುಕೊಳ್ಳಿ. S0 ಅಂದರೆ ಉಪಯೋಗಕ್ಕೆ ಬರುವಂಥದ್ದು ಇನ್ನೂ ಏನೂ ಬಂದಿಲ್ಲ. S1 ಅಂದರೆ 1 ಬಂದಿದೆ. S2 ಅಂದರೆ 10, S3 ಅಂದರೆ 101. ಸ್ಟೇಟಿನ ಸಂಖ್ಯೆಯೇ ಎಷ್ಟು ಬಿಟ್ ಕೂಡಿಬಂದಿವೆ ಅನ್ನುವುದನ್ನು ಹೇಳುತ್ತದೆ. ಮೀಲಿಗೆ ಈ ನಾಲ್ಕೇ ಸಾಕು, ಯಾಕೆಂದರೆ ನಾಲ್ಕನೆಯ ಬಿಟ್ ಬಂದಾಗ ಔಟ್‌ಪುಟ್ಟನ್ನು ಬಾಣದ ಮೇಲೆಯೇ ಬರೆಯುತ್ತೇವೆ.

ಮುಂದಕ್ಕೆ ಹೋಗುವ ಬಾಣ ಎಲ್ಲರಿಗೂ ಬರುತ್ತದೆ. S0ಯಿಂದ 1ಕ್ಕೆ S1, ಅಲ್ಲಿಂದ 0ಗೆ S2, ಅಲ್ಲಿಂದ 1ಕ್ಕೆ S3. ಅಂಕ ಹೋಗುವುದು ಹಿಂದಕ್ಕೆ ಹೋಗುವ ಬಾಣಗಳಲ್ಲಿ. ಬೇಡದ ಬಿಟ್ ಬಂದ ಕೂಡಲೇ ಎಲ್ಲವನ್ನೂ S0ಗೆ ಕಳಿಸಿಬಿಡುವ ಅಭ್ಯಾಸ ಬಹಳ ಜನರಿಗಿದೆ. ಅದಕ್ಕೆ ಬದಲು ಹೀಗೆ ಮಾಡಿ. ಈವರೆಗೆ ಕೂಡಿಬಂದ ಬಿಟ್‌ಗಳ ಪಕ್ಕದಲ್ಲಿ ಹೊಸ ಬಿಟ್ ಬರೆಯಿರಿ. ಎಡಗಡೆಯಿಂದ ಒಂದೊಂದೇ ಬಿಟ್ ಅಳಿಸುತ್ತ ಬನ್ನಿ. ಉಳಿದದ್ದು 1010ರ ಆರಂಭದ ಭಾಗವಾದ ಕೂಡಲೇ ನಿಲ್ಲಿಸಿ. ಉಳಿದ ಬಿಟ್ ಎಷ್ಟೋ ಅದೇ ಮುಂದಿನ ಸ್ಟೇಟ್.

S3ಯಲ್ಲಿ 1 ಬಂತು ಅನ್ನಿ. ಕಾಗದದ ಮೇಲೆ 1011 ಇದೆ. ಎಡಗಡೆಯ ಒಂದು ಬಿಟ್ ಅಳಿಸಿದರೆ 011, ಅದು 1010ರ ಆರಂಭವಲ್ಲ. ಇನ್ನೊಂದು ಅಳಿಸಿದರೆ 11, ಅದೂ ಅಲ್ಲ. ಮತ್ತೊಂದು ಅಳಿಸಿದರೆ 1 ಉಳಿಯಿತು, ಅದು ಆರಂಭವೇ. ಆದ್ದರಿಂದ S1ಗೆ ಹೋಗಬೇಕು, S0ಗಲ್ಲ.

S3ಯಲ್ಲಿ 0 ಬಂದರೆ 1010 ಪೂರ್ತಿಯಾಯಿತು, ಔಟ್‌ಪುಟ್ 1. ಅಳಿಸುವ ಕೆಲಸ ಇಲ್ಲೂ ಮುಂದುವರಿಯಬೇಕು. 010 ಅಲ್ಲ, 10 ಹೌದು. ಆದ್ದರಿಂದ ಬಾಣ S2ಗೆ. ಓವರ್‌ಲ್ಯಾಪ್ ಪೂರ್ತಿ ಇರುವುದು ಈ ಒಂದು ಬಾಣದಲ್ಲಿ. ಇದನ್ನೇ S0ಗೆ ತಿರುಗಿಸಿದರೆ ಓವರ್‌ಲ್ಯಾಪ್ ಇಲ್ಲದ ಡಿಟೆಕ್ಟರ್ ಸಿಗುತ್ತದೆ, ಉಳಿದ ಏಳು ಬಾಣಗಳಿಗೆ ಏನೂ ಆಗುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ X ಅಂದರೆ ಈಗ ಬಂದ ಬಿಟ್, ಓರೆಗೀಟಿನ ಬಲಕ್ಕಿರುವುದು ಔಟ್‌ಪುಟ್.

```
ಸ್ಟೇಟ್    X=0       X=1
S0      S0 / 0    S1 / 0
S1      S2 / 0    S1 / 0
S2      S0 / 0    S3 / 0
S3      S2 / 1    S1 / 0
```

ಈ ಪಟ್ಟಿಯಲ್ಲಿ ಒಂದು ಸೊಗಸಿದೆ. 1010ರ ಬದಲು 1011 ಹುಡುಕಬೇಕೆಂದರೆ ಯಾವ ಬಾಣವೂ ಜಾಗ ಬಿಟ್ಟು ಕದಲುವುದಿಲ್ಲ. S3ಯ ಸಾಲಿನಲ್ಲಿ ಔಟ್‌ಪುಟ್ 1 ಮಾತ್ರ X=0 ಕಡೆಯಿಂದ X=1 ಕಡೆಗೆ ಹೋಗುತ್ತದೆ. ಓವರ್‌ಲ್ಯಾಪಿಂಗ್ ಮೀಲಿಯಲ್ಲಿ ಪ್ಯಾಟರ್ನಿನ ಕೊನೆಯ ಬಿಟ್ ಔಟ್‌ಪುಟ್ಟನ್ನು ಮಾತ್ರ ನಿರ್ಧರಿಸುತ್ತದೆ. ಪರೀಕ್ಷೆಯಲ್ಲಿ 1011 ಕೇಳಿದರೆ 1010ಕ್ಕೆ ಹಾಕಿದ ಲೆಕ್ಕದ ಮುಕ್ಕಾಲು ಪಾಲು ಹಾಗೆಯೇ ನಿಲ್ಲುತ್ತದೆ.

ಸ್ಟೇಟ್‌ಗಳಿಗೆ ಕೋಡ್: ನೇರ ಬೈನರಿಯೋ, ಗ್ರೇಯೋ?

ನಾಲ್ಕು ಸ್ಟೇಟ್‌ಗೆ ಎರಡು ಫ್ಲಿಪ್-ಫ್ಲಾಪ್ ಸಾಕು. S0ಗೆ 00, S1ಗೆ 01, S2ಗೆ 10, S3ಗೆ 11 ಅಂತ ನೇರ ಬೈನರಿ ಕೊಟ್ಟು ಡಿ ಫ್ಲಿಪ್-ಫ್ಲಾಪಿಗೆ ಸಮೀಕರಣ ತೆಗೆದರೆ ಹೀಗೆ ಬರುತ್ತದೆ. Q1, Q0 ಆ ಕೋಡಿನ ಎರಡು ಬಿಟ್, Z ಔಟ್‌ಪುಟ್.

```
D0 = X
D1 = Q0·X' + Q1·Q0'·X
Z  = Q1·Q0·X'
```

D0ಗೆ ಕೆ-ಮ್ಯಾಪ್ ಹಾಕುವುದೇ ಬೇಡ. S1 ಮತ್ತು S3 ಎರಡರಲ್ಲೂ ಕೊನೆಗೆ ಬಂದ ಬಿಟ್ 1. S0 ಮತ್ತು S2ಯಲ್ಲಿ ಕೊನೆಗೆ ಬಂದದ್ದು 0, ಇಲ್ಲವೇ ಇನ್ನೂ ಏನೂ ಬಂದಿಲ್ಲ. ಬೈನರಿ ಕೋಡಿನಲ್ಲಿ S1, S3 ಎರಡಕ್ಕೂ Q0 ಒಂದಾಗಿರುವುದರಿಂದ Q0 ಅನ್ನುವುದು ಹಿಂದಿನ ಬಿಟ್ಟಿನ ನೆನಪೇ ಆಗಿಬಿಟ್ಟಿದೆ. X ಅನ್ನು ನೇರವಾಗಿ D0ಗೆ ಕೊಟ್ಟರೆ ಮುಗಿಯಿತು. D1ರ ಕೆ-ಮ್ಯಾಪಿನಲ್ಲಿ ಮೂರೇ ಒಂದುಗಳಿವೆ. Q1, Q0, X ಕ್ರಮದಲ್ಲಿ ಓದಿದರೆ ಅವು 010, 110 ಮತ್ತು 101. ಮೊದಲೆರಡು ಜೋಡಿಯಾಗುತ್ತವೆ, ಮೂರನೆಯದು ಒಂಟಿ.

ಗ್ರೇ ಕೋಡ್ ಕೊಟ್ಟರೆ ಸರ್ಕ್ಯೂಟ್ ಚಿಕ್ಕದಾಗುತ್ತದೆ ಅನ್ನುವ ನಂಬಿಕೆ ಇದೆ. ಇಲ್ಲಿ ಅದು ಉಲ್ಟಾ. S2ಗೆ 11, S3ಗೆ 10 ಕೊಟ್ಟು ನೋಡಿ.

```
D0 = Q1'·Q0 + Q1·Q0' + Q1'·X
D1 = Q1'·Q0·X' + Q1·Q0'·X' + Q1·Q0·X
```

ಎರಡು ಪದ ಇದ್ದ ಕಡೆ ಮೂರಾದವು, ಬರೀ ತಂತಿ ಇದ್ದ ಕಡೆಯೂ ಮೂರು ಪದ ಬಂದವು. Q0 ಹಿಂದಿನ ಬಿಟ್ಟಿನ ನೆನಪಾಗಿ ಉಳಿಯದಿದ್ದುದೇ ಕಾರಣ. ಸೀಕ್ವೆನ್ಸ್ ಡಿಟೆಕ್ಟರಿಗೆ ಕೋಡ್ ಆರಿಸುವಾಗ ಒಂದಾದರೂ ಬಿಟ್ ಹಿಂದಿನ ಇನ್‌ಪುಟ್ಟಿಗೆ ಸಮವಾಗಿರುವಂತೆ ನೋಡಿಕೊಳ್ಳಿ. ಅಷ್ಟಕ್ಕೇ ಒಂದು ಫ್ಲಿಪ್-ಫ್ಲಾಪಿನ ಗೇಟ್‌ಗಳೆಲ್ಲ ಉಳಿಯುತ್ತವೆ.

ಮೀಲಿಯನ್ನು ಕಿಟ್ ಮೇಲೆ ಕಟ್ಟಿದಾಗ

ಬೇಕಾಗುವ ಐಸಿಗಳು ಮೂರೇ: ಒಂದು 7474, ಒಂದು 7408, ಒಂದು 7486. 7404, 7432 ಎರಡನ್ನೂ ಬಿಡಬಹುದು. 7486ರ ಒಂದು ಎಕ್ಸಾರ್ ಗೇಟಿನ ಒಂದು ಕಾಲನ್ನು 5 ವೋಲ್ಟಿಗೆ ಕಟ್ಟಿದರೆ ಅದು ಇನ್ವರ್ಟರ್, ಅಲ್ಲಿಂದ X' ಸಿಗುತ್ತದೆ. D1ರ ಎರಡು ಪದಗಳಲ್ಲಿ ಒಂದರಲ್ಲಿ X', ಇನ್ನೊಂದರಲ್ಲಿ X ಇರುವುದರಿಂದ ಎರಡೂ ಒಟ್ಟಿಗೆ 1 ಆಗುವುದು ಸಾಧ್ಯವೇ ಇಲ್ಲ. ಹಾಗಾಗಿ ಆರ್ ಗೇಟಿನ ಜಾಗದಲ್ಲಿ ಎಕ್ಸಾರ್ ಹಾಕಿದರೂ ಉತ್ತರ ಅದೇ. Q0·X' ಒಮ್ಮೆ ಮಾಡಿಕೊಂಡು ಅದನ್ನೇ Q1 ಜೊತೆ ಆಂಡ್ ಮಾಡಿದರೆ Z. Q0'·X ಮಾಡಿ Q1 ಜೊತೆ ಆಂಡ್ ಮಾಡಿದರೆ D1ರ ಎರಡನೆಯ ಪದ. 7408ರ ನಾಲ್ಕು ಗೇಟೂ ಸರಿಯಾಗಿ ಖರ್ಚಾಗುತ್ತವೆ. Q0' ಬೇಕೆಂದು ಇನ್ವರ್ಟರ್ ಹುಡುಕಬೇಡಿ, 7474 ಅದನ್ನು ತಾನೇ ಹೊರಗೆ ಕೊಡುತ್ತದೆ.

ಇಷ್ಟೆಲ್ಲ ಸರಿಯಾಗಿ ಕಟ್ಟಿದ ಮೇಲೂ ಒಂದು ದೂರು ಬಂದೇ ಬರುತ್ತದೆ. ಮೊನ್ನೆ ಪಕ್ಕದ ರೂಮಿನ ಹುಡುಗ ಕಿಟ್ಟನ್ನೇ ಹೊತ್ತು ತಂದು ಮುಂದಿಟ್ಟ.

"ಅಣ್ಣಾ, ಕನೆಕ್ಷನ್ ಎಲ್ಲಾ ಸರಿ ಐತಿ, 1010 ಕೊಟ್ರೂ ಎಲ್‌ಇಡಿ ಹತ್ತವಲ್ದು."

"ಕೊನೇ ಸೊನ್ನೆ ಕೊಟ್ಟು ಏನ್ ಮಾಡ್ದಿ?"

"ಕ್ಲಾಕ್ ಒತ್ತಿ ನೋಡ್ದೆ."

"ಒತ್ತೋಕ್ ಮುಂಚೆ ನೋಡು."

ಮತ್ತೆ 101 ಕೊಟ್ಟ, ಮೂರು ಸಲ ಕ್ಲಾಕ್ ಒತ್ತಿದ, ಸ್ವಿಚ್ಚನ್ನು 0ಗೆ ಇಳಿಸಿದ. ಕ್ಲಾಕ್ ಒತ್ತುವ ಮೊದಲೇ ಎಲ್‌ಇಡಿ ಹತ್ತಿತು. ಒತ್ತಿದ, ಆರಿತು. ಸರ್ಕ್ಯೂಟಿನಲ್ಲಿ ತಪ್ಪೇ ಇರಲಿಲ್ಲ. ಮೀಲಿಯಲ್ಲಿ Z ಅನ್ನುವುದು ಈಗಿನ ಸ್ಟೇಟ್ ಮತ್ತು ಈಗಿನ X ಎರಡರಿಂದಲೂ ಆಗುವುದರಿಂದ, S3ಯಲ್ಲಿ ನಿಂತು X ಅನ್ನು 0 ಮಾಡಿದ ಕ್ಷಣವೇ ಉತ್ತರ ಬರುತ್ತದೆ. ಕ್ಲಾಕ್ ಬಂದೊಡನೆ ಸ್ಟೇಟ್ S2 ಆಗುತ್ತದೆ, ಉತ್ತರ ಹೋಗುತ್ತದೆ. ಒತ್ತಿದ ಮೇಲೆ ನೋಡುವವನಿಗೆ ಅದು ಎಂದೂ ಕಾಣುವುದಿಲ್ಲ.

1011ಕ್ಕೆ ಇದು ಇನ್ನೊಂದು ರೂಪದಲ್ಲಿ ಕಾಡುತ್ತದೆ. ಅಲ್ಲಿ Z ಅಂದರೆ Q1·Q0·X. ಮೂರನೆಯ ಬಿಟ್ 1 ಕೊಟ್ಟು ಕ್ಲಾಕ್ ಒತ್ತಿದಿರಿ, ಸ್ಟೇಟ್ S3 ಆಯಿತು, ಸ್ವಿಚ್ ಇನ್ನೂ 1ರಲ್ಲೇ ಇದೆ. ನಾಲ್ಕನೆಯ ಬಿಟ್ಟನ್ನು ನೀವು ಕೊಡುವ ಮೊದಲೇ ಎಲ್‌ಇಡಿ ಹತ್ತಿಕೊಳ್ಳುತ್ತದೆ. ನೋಡುವವರಿಗೆ 101ಕ್ಕೇ ಹತ್ತಿದಂತೆ ಕಾಣುತ್ತದೆ. ಗೇಟಿನ ದೃಷ್ಟಿಯಲ್ಲಿ ಅದು ತಪ್ಪಲ್ಲ, ಹಳೆಯ 1 ಯಾವುದು, ಹೊಸ 1 ಯಾವುದು ಅನ್ನುವುದು ಕ್ಲಾಕ್ ಬರುವ ತನಕ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಇನ್ನೊಂದು ಪ್ರಯೋಗ ಮಾಡಿ ನೋಡಲೇಬೇಕು. 1010ರ ಮೀಲಿಯನ್ನು S3ಗೆ ತಂದು ನಿಲ್ಲಿಸಿ, ಕ್ಲಾಕ್ ಮುಟ್ಟದೆ X ಸ್ವಿಚ್ಚನ್ನು ಮೇಲೆ ಕೆಳಗೆ ಆಡಿಸಿ. ಎಲ್‌ಇಡಿ ಪ್ರತಿ ಸಲವೂ ಹತ್ತಿ ಆರುತ್ತದೆ. ಆ Zನ್ನು ಎಷ್ಟು ಸಲ ಸಿಕ್ಕಿತು ಎಂದು ಎಣಿಸುವ ಕೌಂಟರಿನ ಕ್ಲಾಕ್ ಕಾಲಿಗೆ ಕಟ್ಟಿದ್ದರೆ, ಒಂದೇ 1010ಕ್ಕೆ ಲೆಕ್ಕ ನಾಲ್ಕೈದು ಏರಿರುತ್ತಿತ್ತು. ಸ್ವಿಚ್ ಒಮ್ಮೆ ಒತ್ತಿದಾಗಲೂ ಒಳಗಿನ ಲೋಹದ ಪಟ್ಟಿ ಕೆಲವು ಸಲ ಅದುರುವುದರಿಂದ, ಬೇಕೆಂದೇ ಆಡಿಸದಿದ್ದರೂ ಇದೇ ಆಗಬಹುದು.

ಹಾಗಾದರೆ ಮೀಲಿ ಬೇಡವೇ? ಬೇಕು, ಅದಕ್ಕೆ ಅದರದೇ ಜಾಗವಿದೆ. Zನ್ನು ತೆಗೆದುಕೊಳ್ಳುವ ಮುಂದಿನ ಸರ್ಕ್ಯೂಟ್ ಇದೇ ಕ್ಲಾಕಿನಲ್ಲಿ ನಡೆಯುತ್ತಿದ್ದರೆ, ಅಂದರೆ Z ಕೌಂಟರಿನ ಎನೇಬಲ್ ಕಾಲಿಗೆ ಹೋಗಿ ಕ್ಲಾಕ್ ಕಾಲಿಗೆ ಸಾಮಾನ್ಯ ಕ್ಲಾಕೇ ಹೋಗುತ್ತಿದ್ದರೆ, ನಡುವೆ Z ಎಷ್ಟು ಕುಣಿದರೂ ತೊಂದರೆಯಿಲ್ಲ. ಕ್ಲಾಕಿನ ಅಂಚು ಬರುವ ಹೊತ್ತಿಗೆ ಅದು ನೆಲೆ ನಿಂತಿದ್ದರೆ ಆಯಿತು. ಅಂಥಲ್ಲಿ ಮೀಲಿ ಒಂದು ಕ್ಲಾಕ್ ಮುಂಚೆಯೇ ಉತ್ತರ ಕೊಡುತ್ತದೆ, ಅದು ನಿಜವಾದ ಲಾಭ.

ಮೂರ್: ಐದನೆಯ ಸ್ಟೇಟಿಗೆ ಯಾವ ಕೋಡ್?

ಜಾರ್ಜ್ ಮೀಲಿ ತಮ್ಮ ವಿಧಾನವನ್ನು 1955ರಲ್ಲಿ ಪ್ರಕಟಿಸಿದರೆ, ಎಡ್ವರ್ಡ್ ಮೂರ್ ಅವರದು ಬಂದದ್ದು 1956ರಲ್ಲಿ. ಮೂರ್ ಬಗೆಯಲ್ಲಿ ಔಟ್‌ಪುಟ್ ಸ್ಟೇಟಿನೊಳಗೇ ಇರುತ್ತದೆ, Xನ ನೇರ ಕೈವಾಡ ಇಲ್ಲ. ಆದ್ದರಿಂದ 1010 ಪೂರ್ತಿಯಾಯಿತು ಅನ್ನುವುದಕ್ಕೇ ಒಂದು ಸ್ಟೇಟ್ ಬೇಕು, ಅದು S4. S3ಯಿಂದ 0ಗೆ ಈಗ S4ಗೆ ಹೋಗುತ್ತೇವೆ.

S4ನಿಂದ ಹೊರಡುವ ಬಾಣಗಳಿಗೂ ಅಳಿಸುವ ವಿಧಾನವೇ. 0 ಬಂದರೆ 10100, ಎಷ್ಟು ಅಳಿಸಿದರೂ 1010ರ ಆರಂಭ ಸಿಗುವುದಿಲ್ಲ, S0. 1 ಬಂದರೆ 10101, ಎಡದ ಎರಡು ಅಳಿಸಿದ ಮೇಲೆ 101 ಉಳಿಯುತ್ತದೆ, S3.

```
ಸ್ಟೇಟ್    X=0    X=1    Z
S0      S0     S1     0
S1      S2     S1     0
S2      S0     S3     0
S3      S4     S1     0
S4      S0     S3     1
```

ಐದು ಸ್ಟೇಟ್ ಅಂದರೆ ಮೂರು ಫ್ಲಿಪ್-ಫ್ಲಾಪ್. ಲೆಕ್ಕದ ಪ್ರಕಾರ ಎಲ್ಲರೂ S4ಗೆ 100 ಕೊಡುತ್ತಾರೆ. ಡೋಂಟ್ ಕೇರ್‌ಗಳನ್ನು ಪೂರ್ತಿ ಬಳಸಿಕೊಂಡರೂ ಹೀಗಾಗುತ್ತದೆ.

```
D0 = X
D1 = Q1'·Q0·X' + Q1·Q0'·X + Q2·X
D2 = Q1·Q0·X'
Z  = Q2
```

ಪಟ್ಟಿಯನ್ನು ಮತ್ತೊಮ್ಮೆ ನೋಡಿ. S2 ಮತ್ತು S4 ಸಾಲುಗಳಲ್ಲಿ ಮುಂದಿನ ಸ್ಟೇಟ್‌ಗಳು ಒಂದೇ, S0 ಮತ್ತು S3. Z ಮಾತ್ರ ಬೇರೆ. ಇದು ಆಕಸ್ಮಿಕವಲ್ಲ. 1010 ಸಿಕ್ಕ ಮೇಲೆ ಕೈಯಲ್ಲಿ ಉಳಿಯುವುದು 10, ಅದು S2 ಹೊತ್ತಿರುವ ನೆನಪೇ. S4 ಅಂದರೆ ದೀಪ ಹತ್ತಿರುವ S2. ಹಾಗಿದ್ದರೆ ಕೋಡನ್ನೂ ಹಾಗೆಯೇ ಕೊಡಬೇಕು. S2 010 ಆದರೆ S4 110 ಆಗಲಿ. ಆಗ ಕೆಳಗಿನ ಎರಡು ಬಿಟ್ ಮೀಲಿಯಲ್ಲಿ ನಡೆದಂತೆಯೇ ನಡೆಯುತ್ತವೆ, Q2 ಯಾವ D ಸಮೀಕರಣದ ಬಲಗಡೆಯೂ ಬರುವುದಿಲ್ಲ.

```
D0 = X
D1 = Q0·X' + Q1·Q0'·X
D2 = Q1·Q0·X'
Z  = Q2
```

ಮೀಲಿಯ Z ಇದ್ದ ಜಾಗದಲ್ಲಿ ಒಂದು ಫ್ಲಿಪ್-ಫ್ಲಾಪ್ ಇಟ್ಟಂತೆ ಆಯಿತು, ಗೇಟ್ ಒಂದೂ ಹೆಚ್ಚಲಿಲ್ಲ. ಮೀಲಿ ಕಟ್ಟಿದ ಬೋರ್ಡಿಗೇ ಇನ್ನೊಂದು 7474 ಸೇರಿಸಿ, Zನ ತಂತಿಯನ್ನು ಅದರ ಡಿ ಕಾಲಿಗೆ ಕೊಟ್ಟು, ಅದೇ ಕ್ಲಾಕ್ ಹಾಕಿದರೆ ಮೂರ್ ಸಿದ್ಧ. ಈಗ ಕ್ಲಾಕ್ ಒತ್ತಿದ ಮೇಲೆ ಎಲ್‌ಇಡಿ ಹತ್ತುತ್ತದೆ, ಮುಂದಿನ ಕ್ಲಾಕಿನವರೆಗೂ ಹತ್ತಿಯೇ ಇರುತ್ತದೆ, ನಡುವೆ X ಸ್ವಿಚ್ ಎಷ್ಟು ಆಡಿಸಿದರೂ ಮಿಸುಕುವುದಿಲ್ಲ.

ಬೇರೆ ಪ್ಯಾಟರ್ನಿಗೂ ಇದೇ ಉಪಾಯ ನಡೆಯುತ್ತದೆ. 1011ರಲ್ಲಿ ಕೊನೆಗೆ ಉಳಿಯುವುದು 1, ಅಂದರೆ S1. ಅಲ್ಲಿ S4ಗೆ 101 ಕೊಡಿ.

ಬಳಕೆಯಾಗದ ಸ್ಟೇಟ್‌ಗಳ ವಿಷಯದಲ್ಲೂ ಎರಡು ಕೋಡ್‌ಗಳಿಗೆ ವ್ಯತ್ಯಾಸವಿದೆ. S4ಗೆ 100 ಕೊಟ್ಟ ಸರ್ಕ್ಯೂಟಿಗೆ ವಿದ್ಯುತ್ ಕೊಟ್ಟ ಕೂಡಲೇ ಅದು 110ರಲ್ಲಿ ಎದ್ದಿತು ಅನ್ನಿ. Q2 ಒಂದಾಗಿರುವುದರಿಂದ ಸುಳ್ಳು ದೀಪ ಹತ್ತಿರುತ್ತದೆ, ಮುಂದಿನ ಕ್ಲಾಕಿಗೆ ಅದು S0ಗೋ S3ಗೋ ಬರುತ್ತದೆ. ಆದರೆ 111ರಲ್ಲಿ ಎದ್ದು X ಸೊನ್ನೆಯಾಗಿದ್ದರೆ 100ಕ್ಕೆ, ಅಂದರೆ ನಿಜವಾದ S4ಗೇ ಹೋಗಿ ಎರಡು ಕ್ಲಾಕ್ ಸುಳ್ಳು ಹೇಳುತ್ತದೆ. 110 ಕೊಟ್ಟ ಸರ್ಕ್ಯೂಟಿನಲ್ಲೂ 111ರಿಂದ ಇದೇ ತೊಂದರೆ ಇದೆ, ಆದರೆ ಅಲ್ಲಿ ಯಾವ ಸ್ಟೇಟೂ ಅಪರಿಚಿತವಲ್ಲ. ಮೇಲಿನ ಬಿಟ್ ಏನೇ ಇರಲಿ, ಕೆಳಗಿನ ಎರಡು ಬಿಟ್ ತಮ್ಮ ಪಾಡಿಗೆ S0ಯಿಂದ S3ವರೆಗಿನ ಯಾವುದಾದರೊಂದರಂತೆ ನಡೆದುಕೊಳ್ಳುತ್ತವೆ, ಕಾಗದದ ಮೇಲೆ ಬೇರೆ ಲೆಕ್ಕ ಹಾಕಬೇಕಿಲ್ಲ. ಎರಡರಲ್ಲೂ ಮದ್ದು ಒಂದೇ. ಶುರುವಿನಲ್ಲಿ 7474ರ ಕ್ಲಿಯರ್ ಕಾಲುಗಳನ್ನು, ಅಂದರೆ 1 ಮತ್ತು 13ನ್ನು, ಒಮ್ಮೆ ಗ್ರೌಂಡಿಗೆ ಮುಟ್ಟಿಸಿ ಮತ್ತೆ 5 ವೋಲ್ಟಿಗೆ ಕಟ್ಟುವುದು. ಪ್ರಿಸೆಟ್ ಕಾಲುಗಳನ್ನೂ, 4 ಮತ್ತು 10, ಗಾಳಿಯಲ್ಲಿ ತೇಲಲು ಬಿಡದೆ 5 ವೋಲ್ಟಿಗೇ ಕಟ್ಟಿ.

ಹಾಗಾಗಿ ನನ್ನ ಸಲಹೆ ಹೀಗಿದೆ. ಕೈಯಿಂದ ಸ್ವಿಚ್ ಒತ್ತಿ ಕಣ್ಣಿಂದ ಎಲ್‌ಇಡಿ ನೋಡುವ ಲ್ಯಾಬಿಗೆ, ಅಥವಾ Z ಬೇರೆ ಯಾವುದಾದರೂ ಸರ್ಕ್ಯೂಟಿಗೆ ಕ್ಲಾಕಾಗಿ ಹೋಗುವ ಕಡೆಗೆ, 110 ಕೋಡಿನ ಮೂರ್. ಎಲ್ಲವೂ ಒಂದೇ ಕ್ಲಾಕಿನಲ್ಲಿ ಓಡುವ ಕಡೆಗೆ ಮೀಲಿ. ಬರೀ ಕಾಗದದ ಮೇಲಿನ ಪ್ರಶ್ನೆಗೆ, ಯಾವುದು ಅಂತ ಹೇಳದಿದ್ದರೆ, ಮೀಲಿ ಬೇಗ ಮುಗಿಯುತ್ತದೆ.

ಡಿ ಫ್ಲಿಪ್-ಫ್ಲಾಪೋ, ಜೆಕೆಯೋ?

ಇದರ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಜೆಕೆಗೆ ಲೆಕ್ಕ ಹಾಕಿದರೆ ಮೀಲಿಗೆ ಬರುವುದು ಇಷ್ಟು.

```
J0 = X        K0 = X'
J1 = Q0·X'    K1 = (Q0 ⊕ X)'
```

ಸೊನ್ನೆಯ ಫ್ಲಿಪ್-ಫ್ಲಾಪಿನಲ್ಲಿ ಜೆ, ಕೆ ಒಂದಕ್ಕೊಂದು ವಿರುದ್ಧವಾಗಿವೆ, ಅಂದರೆ ಅದು ಡಿ ಆಗಿಯೇ ಕೆಲಸ ಮಾಡುತ್ತಿದೆ. ಐಸಿಗಳೂ ಮೂರೇ: 7476, 7408, 7486. ಆಂಡ್ ಗೇಟ್ ಎರಡು ಕಡಿಮೆ ಬಳಕೆಯಾಗುತ್ತವೆ, ಆದರೆ ಐಸಿ ಕಡಿಮೆಯಾಗಲಿಲ್ಲ, ಎಕ್ಸೈಟೇಷನ್ ಟೇಬಲ್ ಬರೆಯುವ ಕೆಲಸ ಹೆಚ್ಚಾಯಿತು. ಪ್ರಶ್ನೆಯಲ್ಲಿ ಜೆಕೆ ಎಂದು ಕೇಳಿದ್ದರೆ ಮಾತ್ರ ಜೆಕೆ. 7476 ಬಳಸುವವರು ಒಂದನ್ನು ನೆನಪಿಡಬೇಕು. ಅದರ 5 ವೋಲ್ಟ್ 5ನೆಯ ಕಾಲಿಗೆ, ಗ್ರೌಂಡ್ 13ಕ್ಕೆ. ಉಳಿದ ಐಸಿಗಳ ಹಾಗೆ ಮೂಲೆಯ ಕಾಲುಗಳಿಗೆ ಕಟ್ಟಿದರೆ ಅದು ಕೆಲಸ ಮಾಡುವುದಿಲ್ಲ, ಐಸಿ ಬಿಸಿಯಾಗತೊಡಗಿದರೆ ಮೊದಲು ಅದನ್ನೇ ನೋಡಿ.

ಸ್ಟೇಟ್ ಡಯಾಗ್ರಾಂ ಬಿಟ್ಟು ಶಿಫ್ಟ್ ರಿಜಿಸ್ಟರ್?

ಕೊನೆಯ ನಾಲ್ಕು ಬಿಟ್ ನೋಡಬೇಕು ತಾನೇ, ನಾಲ್ಕನ್ನೂ ಹಿಡಿದಿಟ್ಟುಕೊಂಡು ಹೋಲಿಸಿದರೆ ಆಗದೇ? ಆಗುತ್ತದೆ. 7495ರ ಮೋಡ್ ಕಾಲನ್ನು ಗ್ರೌಂಡ್ ಮಾಡಿ, ಸೀರಿಯಲ್ ಇನ್‌ಪುಟ್ಟಿಗೆ X ಕೊಟ್ಟು, ನಾಲ್ಕು ಔಟ್‌ಪುಟ್‌ಗಳಲ್ಲಿ ಸೊನ್ನೆ ಇರಬೇಕಾದ ಎರಡನ್ನು ತಿರುಗಿಸಿ ಎಲ್ಲವನ್ನೂ ಆಂಡ್ ಮಾಡಿದರೆ ಓವರ್‌ಲ್ಯಾಪಿಂಗ್ ಡಿಟೆಕ್ಟರ್ ತಾನಾಗಿಯೇ ಸಿಗುತ್ತದೆ. ಹಿಂದಕ್ಕೆ ಹೋಗುವ ಬಾಣದ ತಲೆನೋವೇ ಇಲ್ಲ. ಪ್ಯಾಟರ್ನ್ ಬದಲಾದರೆ ಇನ್ವರ್ಟರಿನ ಜಾಗ ಬದಲಾಯಿಸಿದರೆ ಸಾಕು. ಪ್ಯಾಟರ್ನ್ ಆಗಾಗ ಬದಲಾಗುವ ಕೆಲಸಕ್ಕೆ ನಾನು ಇದನ್ನೇ ಹೇಳುತ್ತೇನೆ.

ಬೆಲೆ ತೆರುವುದು ಫ್ಲಿಪ್-ಫ್ಲಾಪ್‌ಗಳ ಲೆಕ್ಕದಲ್ಲಿ. ನಾಲ್ಕು ಬಿಟ್ಟಿಗೆ ವ್ಯತ್ಯಾಸ ಸಣ್ಣದು. ಎಂಟು ಬಿಟ್ಟಿನ ಪ್ಯಾಟರ್ನಿಗೆ ಮೀಲಿಗೆ ಎಂಟು ಸ್ಟೇಟ್, ಮೂರು ಫ್ಲಿಪ್-ಫ್ಲಾಪ್ ಸಾಕು. ಅದೇ ಕೆಲಸಕ್ಕೆ ಹೀಗೆ ಹಿಡಿದಿಡುವ ರಿಜಿಸ್ಟರಿನಲ್ಲಿ ಎಂಟು ಬೇಕು. ಓವರ್‌ಲ್ಯಾಪ್ ಬೇಡ ಅಂದರೆ ಸಿಕ್ಕ ಕೂಡಲೇ ರಿಜಿಸ್ಟರನ್ನು ಖಾಲಿ ಮಾಡಬೇಕಾಗುತ್ತದೆ, 7495ಕ್ಕೆ ಕ್ಲಿಯರ್ ಕಾಲೇ ಇಲ್ಲ. ಶುರುವಿನಲ್ಲಿ ನಾಲ್ಕು ಸೊನ್ನೆ ತುಂಬಿ ಬಿಡಬೇಕು. ಆ ಸೊನ್ನೆಗಳೇ ಇನ್ನೊಂದು ಕಡೆ ಮೋಸ ಮಾಡುತ್ತವೆ. 1010 ಒಂದರಿಂದ ಶುರುವಾಗುವುದರಿಂದ ತೊಂದರೆಯಿಲ್ಲ. ಹುಡುಕುವುದು 0101 ಆಗಿದ್ದರೆ, ನಾವು ತುಂಬಿದ ಸೊನ್ನೆಯನ್ನೇ ಮೊದಲ ಬಿಟ್ ಎಂದುಕೊಂಡು 101 ಬಂದ ಕೂಡಲೇ ದೀಪ ಹತ್ತಿಸುತ್ತದೆ. ಸ್ಟೇಟ್ ಡಯಾಗ್ರಾಂನಲ್ಲಿ ಏನೂ ಬಂದಿಲ್ಲ ಅನ್ನುವುದಕ್ಕೇ S0 ಇರುವುದರಿಂದ ಈ ಗೊಂದಲ ಹುಟ್ಟುವುದಿಲ್ಲ.

ಕಟ್ಟಿದ್ದು ಸರಿಯೋ ಎಂದು ನೋಡಲು

ಬರೀ 1010 ಕೊಟ್ಟು ದೀಪ ಹತ್ತಿತು ಅಂತ ಬಿಚ್ಚಿಡಬೇಡಿ. ಆ ನಾಲ್ಕು ಬಿಟ್ ಮೀಲಿಯ ಎಂಟು ಬಾಣಗಳಲ್ಲಿ ನಾಲ್ಕನ್ನು ಮಾತ್ರ ತುಳಿಯುತ್ತವೆ. ಎಂಟೂ ಬಾಣಗಳ ಮೇಲೆ ಹಾದುಹೋಗುವ ಹದಿನಾರು ಬಿಟ್ ಇಲ್ಲಿವೆ.

```
0110 1010 1101 0010
```

ಕ್ಲಿಯರ್ ಮಾಡಿ ಶುರು ಮಾಡಿದರೆ 6, 8 ಮತ್ತು 13ನೆಯ ಬಿಟ್‌ಗಳಿಗೆ ಮಾತ್ರ ದೀಪ ಹತ್ತಬೇಕು. ಮೀಲಿಯಾದರೆ ಆ ಬಿಟ್ ಇಟ್ಟು ಕ್ಲಾಕ್ ಒತ್ತುವ ಮುಂಚೆ, ಮೂರ್ ಆದರೆ ಒತ್ತಿದ ಮೇಲೆ. Q1, Q0ಗಳಿಗೂ ಒಂದೊಂದು ಎಲ್‌ಇಡಿ ಹಾಕಿಕೊಂಡರೆ ಸ್ಟೇಟ್ ಕಣ್ಣಿಗೇ ಕಾಣುತ್ತದೆ.

ದೀಪ ಎಲ್ಲಿ ತಪ್ಪಿತು ಅನ್ನುವುದೇ ಯಾವ ಬಾಣ ಕೆಟ್ಟಿದೆ ಎಂದು ತೋರಿಸಿಕೊಡುತ್ತದೆ. 6ಕ್ಕೆ ಹತ್ತಲಿಲ್ಲ, 8 ಮತ್ತು 13ಕ್ಕೆ ಹತ್ತಿತು ಅಂದರೆ S1ರಲ್ಲಿ 1 ಬಂದಾಗ ಅಲ್ಲೇ ನಿಲ್ಲುವ ಬದಲು S0ಗೆ ಬಿದ್ದಿದೆ. 8 ಮಾತ್ರ ತಪ್ಪಿದರೆ ನೀವು ಓವರ್‌ಲ್ಯಾಪ್ ಇಲ್ಲದ ಡಿಟೆಕ್ಟರ್ ಕಟ್ಟಿದ್ದೀರಿ, S3ಯಿಂದ 0ಗೆ ಹೋಗುವ ಬಾಣ S0ಗೆ ಹೋಗಿದೆ. 13 ಮಾತ್ರ ತಪ್ಪಿದರೆ S3ಯಲ್ಲಿ 1 ಬಂದಾಗ S1ಗೆ ಹೋಗಬೇಕಾದ್ದು S0ಗೆ ಹೋಗಿದೆ. 16ಕ್ಕೆ ಬೇಡದ ದೀಪ ಹತ್ತಿದರೆ S2ಯಲ್ಲಿ 0 ಬಂದಾಗ ಅದು S0ಗೆ ಮರಳದೆ S2ಯಲ್ಲೇ ಕೂತಿದೆ.

ಯಾವುದಕ್ಕೂ ತಾಳೆಯಾಗದೆ ಸಲಕ್ಕೊಂದು ಬಗೆಯಲ್ಲಿ ಹತ್ತುತ್ತಿದ್ದರೆ ಡಯಾಗ್ರಾಂ ತಿದ್ದಲು ಹೋಗಬೇಡಿ, ಕ್ಲಾಕ್ ಸ್ವಿಚ್ಚನ್ನು ನೋಡಿ. S1ರಲ್ಲಿ ನಿಲ್ಲಿಸಿ X ಅನ್ನು 0 ಮಾಡಿ ಒಂದೇ ಸಲ ಕ್ಲಾಕ್ ಒತ್ತಿ. Q1, Q0 ಎಲ್‌ಇಡಿಗಳು 10 ತೋರಿಸಬೇಕು. ನೇರವಾಗಿ 00ಕ್ಕೆ ಹಾರಿದರೆ ಒಂದು ಒತ್ತಿಗೆ ಎರಡೋ ಮೂರೋ ಕ್ಲಾಕ್ ಹೋಗಿವೆ. ಕ್ಲಾಕಿಗೆ ಮಾಮೂಲಿ ಟಾಗಲ್ ಸ್ವಿಚ್ ಬಿಟ್ಟು ಕಿಟ್ಟಿನ ಪಲ್ಸರ್ ಬಟನ್ನಿಗೆ ತಂತಿ ಬದಲಾಯಿಸಿ, ಮತ್ತೆ ಮೊದಲ ಬಿಟ್‌ನಿಂದ ಕೊಡಿ.